ಬತ್ತಿದ ಬೋರ್‌ವೆಲ್‌ಗಳ ಲೆಕ್ಕ ಎಲ್ಲಿ?

"ಮೇಡಂ, ಕೋಲಾರ ತಾಲ್ಲೂಕಿನ 46 ಬೋರ್‌ವೆಲ್‌ಗಳ ಆಳಕ್ಕೂ ನೀರಿನ ಫ್ಲೋರೈಡಿಗೂ ಇರುವ ಸಂಬಂಧದ ಬಗ್ಗೆ ಬರೆದ ಸಂಶೋಧನಾ ಲೇಖನವನ್ನು ನಿಮ್ಮ ಪತ್ರಿಕೆಗೆ ಕಳಿಸಿದ್ದೇನೆ. ಅಧ್ಯಯನದ ಮಿತಿಗಳನ್ನು ಹೇಳುವ ಪ್ಯಾರಾ ಒಂದೇ ಸರಿಯಾಗಿ ಬರ್ತಿಲ್ಲ. ಎಲ್ಲ ಬಿಚ್ಚಿ ಬರೆದರೆ ಮಾಡಿದ ಕೆಲಸಕ್ಕೆ ಬೆಲೆಯೇ ಇಲ್ಲ ಅನ್ನಿಸುತ್ತೆ, ಬರೆಯದೆ ಬಿಟ್ಟರೆ ಮೋಸ ಅನ್ನಿಸುತ್ತೆ. ಎಷ್ಟು ಬರೆಯಲಿ?"

ನೀರಿನ ಪರೀಕ್ಷೆ ಚೆನ್ನಾಗಿ ಮಾಡಿದ್ದೀರಿ. ಪ್ರತಿ ಮಾದರಿಯನ್ನು ಎರಡು ಸಲ ಅಳೆದಿದ್ದೀರಿ, ಹತ್ತು ಮಾದರಿಗೊಮ್ಮೆ ಫ್ಲೋರೈಡ್ ಅಳೆಯುವ ಎಲೆಕ್ಟ್ರೋಡ್ ಸರಿ ಇದೆಯಾ ಅಂತ ನೋಡಿದ್ದೀರಿ. ಕೋಷ್ಟಕಗಳೂ ಅಚ್ಚುಕಟ್ಟಾಗಿವೆ. ಆದರೆ ಮಿತಿಗಳ ಪ್ಯಾರಾ ಓದಿದಾಗ ನನಗೆ ನಿಜಕ್ಕೂ ಸಿಟ್ಟು ಬಂತು. ಇಷ್ಟು ಕಷ್ಟಪಟ್ಟು ಅಳೆದವರು ಇಷ್ಟು ಸಡಿಲವಾಗಿ ಬರೆಯಬಾರದು. ಅದಕ್ಕೇ ಆ ಪ್ಯಾರಾ ಒಂದನ್ನೇ ಹಿಡಿದುಕೊಂಡು ಬರೆಯುತ್ತಿದ್ದೇನೆ.

ಮೊದಲ ವಾಕ್ಯ: "ಸಮಯ ಮತ್ತು ಸಂಪನ್ಮೂಲಗಳ ಕೊರತೆಯಿಂದ ಮಾದರಿಗಳ ಸಂಖ್ಯೆ ಕಡಿಮೆ ಇದೆ."

46 ಯಾವುದಕ್ಕೆ ಕಡಿಮೆ? ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಆಗಬಹುದು ಅನ್ನುತ್ತದೆ ಭಾರತೀಯ ಮಾನಕ. ಒಂದು ಊರಿನ ಬೋರ್‌ವೆಲ್ ಈ ಗೆರೆ ದಾಟಿದೆ ಅಂತ ಹೇಳೋದಕ್ಕೆ ಆ ಬೋರ್‌ವೆಲ್‌ನ ನೀರು ಸರಿಯಾಗಿ ಅಳೆದರೆ ಸಾಕು. ಇಡೀ ತಾಲ್ಲೂಕಿನಲ್ಲಿ ನೂರಕ್ಕೆ ಇಷ್ಟು ಬೋರ್‌ವೆಲ್‌ಗಳು ದಾಟಿವೆ ಅನ್ನೋದಾದರೆ 46 ಸಾಲದು. ಆದರೆ ಆ ಮಾತನ್ನು ನೀವು ಎಲ್ಲೂ ಹೇಳಿಲ್ಲವಲ್ಲ! ಹೇಳದ ಮಾತಿಗೆ ಕ್ಷಮೆ ಕೇಳಿದ್ದೀರಿ. ಈ ವಾಕ್ಯ ತೆಗೆದುಬಿಡಿ.

ಎರಡನೆಯದು: "ಕೊಳವೆಬಾವಿಯ ಆಳದ ಮಾಹಿತಿಯಲ್ಲಿ ಕೆಲವು ವ್ಯತ್ಯಾಸಗಳು ಇರಬಹುದು."

ಎಂಥ ವ್ಯತ್ಯಾಸ? ಓದುವವರಿಗೆ ಏನೂ ತಿಳಿಯುವುದಿಲ್ಲ. ನಿಮ್ಮ ಅನುಬಂಧ ತೆಗೆದು ನೋಡಿದೆ. 800 ಅಡಿ, 1,000, 1,200, ಮತ್ತೆ 1,200, 1,500. ಹೆಚ್ಚು ಕಡಿಮೆ ಎಲ್ಲ ನೂರರ ಲೆಕ್ಕವೇ. ಅಂದರೆ ಬೋರ್ ಹಾಕಿಸಿದ ರೈತರು ನೆನಪಿನಿಂದ ಹೇಳಿದ್ದು. ರಿಗ್‌ನವರ ಬಿಲ್ ಸಿಕ್ಕಿದ್ದು ಒಂಬತ್ತಕ್ಕೆ ಮಾತ್ರ ಅಂತ ನೀವೇ ಅಡಿಟಿಪ್ಪಣಿಯಲ್ಲಿ ಬರೆದಿದ್ದೀರಿ. ಅದನ್ನೇ ಮಿತಿಗಳ ಪ್ಯಾರಾಕ್ಕೆ ತನ್ನಿ.

ಇದರಿಂದ ನಿಮ್ಮ ಕೆಲಸ ಕೆಡುವುದಿಲ್ಲ. ಆಳ ಹೇಳುವಾಗ ತಮ್ಮ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಅಂತ ಆ ರೈತರಿಗೆ ಗೊತ್ತಿರಲಿಲ್ಲ. ಹಾಗಾಗಿ ಒಬ್ಬರು ಹೆಚ್ಚು ಹೇಳಿರುತ್ತಾರೆ, ಒಬ್ಬರು ಕಡಿಮೆ ಹೇಳಿರುತ್ತಾರೆ. ಇಂಥ ತಪ್ಪು ಸಾಮಾನ್ಯವಾಗಿ ಆಳಕ್ಕೂ ಫ್ಲೋರೈಡಿಗೂ ಇರುವ ಸಂಬಂಧವನ್ನು ಮಸುಕು ಮಾಡುತ್ತದೆ, ಇಲ್ಲದ ಸಂಬಂಧವನ್ನು ತೋರಿಸುವುದು ಅಪರೂಪ. ತಪ್ಪು ಯಾವ ಕಡೆಗೆ ಎಳೆಯುತ್ತದೆ ಅನ್ನೋದನ್ನೂ ಬರೆಯಿರಿ. ಬರೀ "ವ್ಯತ್ಯಾಸ ಇರಬಹುದು" ಅಂದರೆ ಓದುವವರು ಕೆಟ್ಟದ್ದನ್ನೇ ಊಹಿಸಿಕೊಳ್ಳುತ್ತಾರೆ.

ಆಳದ ಬಗ್ಗೆ ಇನ್ನೊಂದು ಮಾತು. ನಮ್ಮ ಕಡೆ ಕೇಸಿಂಗ್ ಪೈಪ್ ಇಳಿಸೋದು ಮೇಲಿನ ಮಣ್ಣು, ಮೆತ್ತನೆ ಕಲ್ಲು ಇರುವಷ್ಟಕ್ಕೆ. ಅದರ ಕೆಳಗೆ ಗಟ್ಟಿ ಬಂಡೆ, ಬರೀ ತೂತು. ನೀರು 300 ಅಡಿಯ ಬಿರುಕಿನಿಂದಲೂ ಬರಬಹುದು, 1,100 ಅಡಿಯ ಬಿರುಕಿನಿಂದಲೂ ಬರಬಹುದು. ನೀವು ಕೇಳಿ ಬರೆದುಕೊಂಡಿದ್ದು ಕೊರೆಸಿದ ಆಳ, ನೀರು ಬರುವ ಆಳ ಅಲ್ಲ. ಸಾರಾಂಶದಲ್ಲಿ ಮಾತ್ರ "ಆಳದ ನೀರಿನಲ್ಲಿ ಫ್ಲೋರೈಡ್ ಜಾಸ್ತಿ" ಅಂದಿದ್ದೀರಿ. ಅದನ್ನು "ಹೆಚ್ಚು ಆಳಕ್ಕೆ ಕೊರೆಸಿದ ಬೋರ್‌ವೆಲ್‌ಗಳ ನೀರಿನಲ್ಲಿ ಫ್ಲೋರೈಡ್ ಜಾಸ್ತಿ" ಅಂತ ತಿದ್ದಿ. ಮಿತಿ ಗೊತ್ತಾದ ಮೇಲೆ ಸಾರಾಂಶದ ಮಾತೂ ಬದಲಾಗಬೇಕು.

ಇನ್ನು ನೀವು ಬರೆಯದೇ ಬಿಟ್ಟಿದ್ದು. ನನ್ನನ್ನು ಜಾಸ್ತಿ ಕಾಡಿದ್ದು ಇದೇ. ಮೂರನೇ ಪುಟದಲ್ಲಿ "ಏಪ್ರಿಲ್‌ನಲ್ಲಿ ನೀರು ಬರುತ್ತಿದ್ದ ಬೋರ್‌ವೆಲ್‌ಗಳಿಂದ ಮಾತ್ರ ಮಾದರಿ ತೆಗೆಯಲಾಯಿತು" ಅಂತ ಹೇಳಿ ಮುಂದೆ ಹೋಗಿಬಿಟ್ಟಿದ್ದೀರಿ. ಏಪ್ರಿಲ್‌ನಲ್ಲಿ ಕೋಲಾರದಲ್ಲಿ ಕಡಿಮೆ ಆಳದ ಬೋರ್‌ವೆಲ್ ಎಲ್ಲಿ ಬದುಕಿರುತ್ತದೆ? ಹೆಚ್ಚಾಗಿ ಕೆರೆ ಹಿಂದೆ, ಅಚ್ಚುಕಟ್ಟಿನಲ್ಲಿ. ಅದರಲ್ಲೂ 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನಲ್ಲಿ ಸಂಸ್ಕರಿಸಿದ ಕೊಳಚೆ ನೀರು, ಕೆಲವು ಕೆರೆಗಳಿಗೆ ಬರುತ್ತಿದೆ. ಕೆರೆಯಿಂದ ಇಂಗಿದ ನೀರು ಸೇರಿ ಆ ಬೋರ್‌ವೆಲ್‌ಗಳಲ್ಲಿ ಫ್ಲೋರೈಡ್ ಕಡಿಮೆಯಾಗಿರಬಹುದು. ಹಾಗಾದರೆ ಕಡಿಮೆ ಫ್ಲೋರೈಡಿಗೆ ಕಾರಣ ಕಡಿಮೆ ಆಳವೋ, ಹತ್ತಿರದ ಕೆರೆಯೋ? ಕೆರೆಯಿಂದ ದೂರ ಇದ್ದು ಬತ್ತಿಹೋದ ಬೋರ್‌ವೆಲ್‌ಗಳು ನಿಮ್ಮ ಲೆಕ್ಕದಲ್ಲೇ ಇಲ್ಲ. ಆಳದ ತಪ್ಪಿನ ಹಾಗಲ್ಲ ಇದು, ಇಲ್ಲದ ಸಂಬಂಧವನ್ನು ಇದೆ ಅಂತ ತೋರಿಸಬಲ್ಲದು.

1990ರ ದಶಕದಲ್ಲಿ ನಾನು ಪಾವಗಡದ ಕಡೆ ಇದೇ ಕೆಲಸಕ್ಕೆ ಬಾಟಲಿ ಹಿಡಿದು ತಿರುಗುತ್ತಿದ್ದೆ. 30 ಬೋರ್‌ವೆಲ್. ಏಳು ಕಡೆ ಹೋದಾಗ ಕರೆಂಟ್ ಇರಲಿಲ್ಲ, ಮೋಟಾರ್ ಓಡಲಿಲ್ಲ. ತೊಂಬೆಯಲ್ಲಿ ನಿಂತಿದ್ದ ನೀರನ್ನೇ ತುಂಬಿಕೊಂಡು ಬಂದೆ, ಲೇಖನದಲ್ಲಿ ಆ ವಿಷಯ ಬರೆಯಲಿಲ್ಲ. ನನ್ನ ಮೇಷ್ಟ್ರು ಹೊಲದ ನೋಟ್‌ಬುಕ್ ತರಿಸಿಕೊಂಡು ಪುಟ ಪುಟ ನೋಡಿದರು. ಏಳು ಕಡೆ "ತೊಂ" ಅಂತ ನಾನೇ ಗುರುತು ಹಾಕಿದ್ದೆ. ಅವರು ಬೈಯಲಿಲ್ಲ. "ಈ ಏಳನ್ನು ಬಿಟ್ಟು ಇನ್ನೊಂದು ಸಲ ಲೆಕ್ಕ ಹಾಕಮ್ಮ" ಅಂದರು. ರಾತ್ರಿ ಕೂತು ಹಾಕಿದೆ. ಉತ್ತರ ಹೆಚ್ಚೇನೂ ಬದಲಾಗಲಿಲ್ಲ. ಎರಡೂ ಲೆಕ್ಕ ಅಚ್ಚಾದವು, ಏಳು ತೊಂಬೆಗಳ ಮಾತೂ ಅಚ್ಚಾಯಿತು. ಬಚ್ಚಿಟ್ಟಿದ್ದಾಗ ಆ ಏಳು ಬಾಟಲಿ ನೆನೆಸಿಕೊಂಡು ನಿದ್ದೆ ಬರುತ್ತಿರಲಿಲ್ಲ.

ನೀವೂ ಹಾಗೇ ಮಾಡಿ. ಜಿಪಿಎಸ್ ಗುರುತುಗಳು ನಿಮ್ಮ ಹತ್ತಿರ ಇವೆ. ಪ್ರತಿ ಬೋರ್‌ವೆಲ್‌ನಿಂದ ಹತ್ತಿರದ ಕೆರೆ ಏರಿಗೆ ಎಷ್ಟು ದೂರ ಅಂತ ಅಳೆಯಿರಿ. ಒಂದು ಕಿಲೋಮೀಟರ್ ಒಳಗಿನವನ್ನು ಬಿಟ್ಟು ಉಳಿದವಲ್ಲಿ ಆಳದ ಸಂಬಂಧ ಕಾಣುತ್ತದಾ ನೋಡಿ. ಒಂದು ಕಿಲೋಮೀಟರ್ ಅನ್ನೋ ಗೆರೆಯನ್ನು ಲೆಕ್ಕ ಹಾಕುವ ಮೊದಲೇ ಬರೆದಿಟ್ಟುಕೊಳ್ಳಿ, ಉತ್ತರ ನೋಡಿ ಬದಲಾಯಿಸಬೇಡಿ.

ಕೊನೆಯ ವಾಕ್ಯ: "ಆದ್ದರಿಂದ ಈ ಫಲಿತಾಂಶಗಳನ್ನು ಪೂರ್ತಿ ನಂಬಲು ಆಗುವುದಿಲ್ಲ, ಹೆಚ್ಚಿನ ಸಂಶೋಧನೆ ಅಗತ್ಯ." ಇದು ವಿನಯ ಅಲ್ಲ, ತಪ್ಪು ಮಾಹಿತಿ. 46 ಬೋರ್‌ವೆಲ್‌ಗಳ ಏಪ್ರಿಲ್ ತಿಂಗಳ ಅಳತೆ ಪೂರ್ತಿ ನಂಬುವಂಥದ್ದೇ. ಅನುಮಾನ ಇರೋದು ಆಳದ ಮಾತಿನಲ್ಲಿ ಮಾತ್ರ. ಎರಡನ್ನೂ ಒಂದೇ ಚೀಲಕ್ಕೆ ತುಂಬಿದ್ದೀರಿ. ನಾನಾದರೆ ಹೀಗೆ ಬರೆಯುತ್ತೇನೆ:

"ಇಲ್ಲಿರುವ ಫ್ಲೋರೈಡ್ ಪ್ರಮಾಣಗಳು ಏಪ್ರಿಲ್ ತಿಂಗಳವು. ಮಳೆಗಾಲದ ನಂತರ ಇವು ಬದಲಾಗಬಹುದು. 46ರಲ್ಲಿ 37 ಬೋರ್‌ವೆಲ್‌ಗಳ ಆಳ ಮಾಲೀಕರು ನೆನಪಿನಿಂದ ಹೇಳಿದ್ದು. ಈ ತಪ್ಪು ಆಳ ಮತ್ತು ಫ್ಲೋರೈಡ್ ನಡುವಿನ ಸಂಬಂಧವನ್ನು ಇರುವುದಕ್ಕಿಂತ ಕಡಿಮೆ ತೋರಿಸಿರುವ ಸಾಧ್ಯತೆ ಹೆಚ್ಚು. ಬತ್ತಿದ ಬೋರ್‌ವೆಲ್‌ಗಳು ಅಧ್ಯಯನದಲ್ಲಿ ಸೇರಿಲ್ಲ. ಉಳಿದ ಕಡಿಮೆ ಆಳದ ಬೋರ್‌ವೆಲ್‌ಗಳು ಹೆಚ್ಚಾಗಿ ಕೆರೆಗಳ ಸಮೀಪ ಇದ್ದರೆ, ಕಂಡ ಸಂಬಂಧದ ಒಂದು ಭಾಗ ಕೆರೆ ನೀರಿನಿಂದ ಬಂದಿರಬಹುದು. ಕೆರೆಯಿಂದ ಒಂದು ಕಿಲೋಮೀಟರ್ ಒಳಗಿನವನ್ನು ಬಿಟ್ಟು ಲೆಕ್ಕ ಹಾಕಿದಾಗ ______. ಪ್ರತಿ ಬೋರ್‌ವೆಲ್‌ನ ಫ್ಲೋರೈಡ್ ಅಳತೆಗೆ ಆಳದ ಅಥವಾ ಕೆರೆಯ ಪ್ರಶ್ನೆ ತಾಗುವುದಿಲ್ಲ."

ಖಾಲಿ ಜಾಗ ನೀವು ತುಂಬಬೇಕು. ಸಂಬಂಧ ಉಳಿದರೆ ಉಳಿಯಿತು ಅಂತ ಬರೆಯಿರಿ. ಹೋದರೆ ಹೋಯಿತು ಅಂತ ಬರೆದು, ಶೀರ್ಷಿಕೆಯಿಂದ "ಆಳ" ಅನ್ನೋ ಪದ ತೆಗೆದು, 46 ಅಳತೆಗಳ ಲೇಖನವಾಗಿ ಕಳಿಸಿ. ಎರಡರಲ್ಲಿ ಯಾವುದು ಬಂದರೂ ನಾನು ಅಚ್ಚು ಹಾಕುತ್ತೇನೆ. ಜೊತೆಗೆ ನಿಮ್ಮ ಹೊಲದ ನೋಟ್‌ಬುಕ್ಕಿನ ಫೋಟೋನೂ ಇರಲಿ.