ಪ್ರವಚನದ ತುಣುಕು ಎಲ್ಲಿ ಮುಗಿಯಬೇಕು ಎಂಬುದನ್ನು ಮೊದಲು ಗುರುತಿಸಿ

ಪ್ರಶ್ನೆ: “48 ನಿಮಿಷದ ಪ್ರವಚನದ ವಿಡಿಯೋವನ್ನು ಒಂದೊಂದು ನಿಮಿಷದ ಆರು ತುಣುಕು ಮಾಡಿ ಹಾಕಿದ್ದೆ. ಒಂದರಲ್ಲಿ ಬೋಧಕರು ಹೇಳಿದ್ದಕ್ಕೆ ಪೂರ್ತಿ ಉಲ್ಟಾ ಅರ್ಥ ಬರುತ್ತಿದೆ ಅಂತ ಹಿರಿಯರೊಬ್ಬರು ನೊಂದುಕೊಂಡರು, ತೆಗೆದುಬಿಟ್ಟೆ. ನಾನು ಅವರ ಮಾತು ಒಂದನ್ನೂ ಬದಲಿಸಿಲ್ಲ. ಎಲ್ಲಿ ತಪ್ಪಾಯಿತು?”

ನಮಸ್ಕಾರ. ಈ ಪ್ರಶ್ನೆಗೆ ಇಲ್ಲಿ ಆಗಲೇ ಕೆಲವರು ಉತ್ತರಿಸಿದ್ದಾರೆ, ನನ್ನದನ್ನೂ ಸೇರಿಸುತ್ತೇನೆ. ತಪ್ಪು ಎಲ್ಲಿ ಆಗಿರಬಹುದು ಎಂಬುದನ್ನು ನಿಮ್ಮ ತುಣುಕನ್ನು ನೋಡದೆಯೂ ಊಹಿಸಬಲ್ಲೆ, ಏಕೆಂದರೆ ಅದೇ ತಪ್ಪನ್ನು ನಾನು ಮಾಡಿದ್ದೇನೆ. ಬೋಧಕರು ಬೇರೊಬ್ಬರ ವಾದವನ್ನು ಅವರದೇ ದನಿಯಲ್ಲಿ ಮುಂದಿಡುವ ಭಾಗ ಯಾವಾಗಲೂ ತುಂಬ ಬಿರುಸಾಗಿರುತ್ತದೆ. ದನಿ ಏರುತ್ತದೆ, ವಾಕ್ಯಗಳು ಚಿಕ್ಕದಾಗುತ್ತವೆ, ಸಭೆ ಸ್ತಬ್ಧವಾಗುತ್ತದೆ. ಕತ್ತರಿಸಲು ಕುಳಿತವರ ಕಣ್ಣು ನೇರವಾಗಿ ಅಲ್ಲಿಗೇ ಹೋಗುತ್ತದೆ. ಆ ವಾದಕ್ಕೆ ಬೋಧಕರು ಕೊಡುವ ಉತ್ತರ ಮಾತ್ರ ಸ್ವಲ್ಪ ಹೊತ್ತಿನ ನಂತರ ತಗ್ಗಿದ ದನಿಯಲ್ಲಿ ಬಂದಿರುತ್ತದೆ, ಅದು ತುಣುಕಿನಿಂದ ಹೊರಗೆ ಉಳಿಯುತ್ತದೆ.

ನನ್ನ ಕೈಯಲ್ಲಿ ಕೆಟ್ಟದ್ದು ಬೈಬಲಿನ ಲೂಕ 15ನೇ ಅಧ್ಯಾಯದ ದುಂದುಗಾರ ಮಗನ ಸಾಮ್ಯದ ಮೇಲಿನ 52 ನಿಮಿಷದ ಪ್ರವಚನ. ಆಸ್ತಿ ಹಾಳುಮಾಡಿ ಮರಳಿದ ಕಿರಿಯ ಮಗನನ್ನು ತಂದೆ ಔತಣ ಮಾಡಿ ಸೇರಿಸಿಕೊಂಡಾಗ ಹಿರಿಯ ಮಗ ಮುನಿಸಿಕೊಳ್ಳುವ ಕಥೆ ಅದು. ಪ್ರವಚನದಲ್ಲಿ ಬೋಧಕರು ಹಿರಿಯ ಮಗನ ಅಳಲನ್ನು ತಾವೇ ಹಿರಿಯ ಮಗನಾಗಿ ಆಡಿದ್ದರು. ಇಷ್ಟು ವರ್ಷ ದುಡಿದವನಿಗೆ ಒಂದು ಆಡಿನ ಮರಿಯೂ ಇಲ್ಲ, ಆಸ್ತಿ ಹಾಳುಮಾಡಿದವನಿಗೆ ಕೊಬ್ಬಿಸಿದ ಕರುವೇ, ಇದು ನ್ಯಾಯವೇ, ಹೀಗಾದರೆ ಮನೆಯಲ್ಲಿ ಶಿಸ್ತು ಉಳಿಯುತ್ತದೆಯೇ ಎಂದು ಕೇಳುತ್ತಾ ಹೋದರು. ನಾನು ಆ 50 ಸೆಕೆಂಡುಗಳನ್ನು ಹಾಗೆಯೇ ಎತ್ತಿ ಹಾಕಿದೆ. ಪ್ರವಚನ ಕೇಳದವರಿಗೆ ಅದು, ತಪ್ಪು ಮಾಡಿ ಮರಳಿದವರನ್ನು ಮನೆಗೆ ಸೇರಿಸಬಾರದೆಂದು ಒಬ್ಬ ಬೋಧಕರು ಕೋಪದಿಂದ ಹೇಳುತ್ತಿರುವಂತೆ ಕೇಳಿಸಿತು. ಇಡೀ ಪ್ರವಚನ ಇದ್ದದ್ದು ಅದಕ್ಕೆ ವಿರುದ್ಧವಾಗಿ.

ಇಲ್ಲಿ ನಮ್ಮ ಭಾಷೆಯ ಗುಣವೂ ಸೇರಿಕೊಳ್ಳುತ್ತದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೆ ಬರುತ್ತದೆ, ‘ಅಲ್ಲ’, ‘ಇಲ್ಲ’, ‘ಬಾರದು’ ಎಂಬ ನಿಷೇಧವೂ ಕೊನೆಗೇ ಬರುತ್ತದೆ. ಮಾತು ಮತ್ತೊಬ್ಬರದು ಎಂದು ತಿಳಿಸುವ ‘ಎಂದು’ ಅಥವಾ ‘ಅಂತ’ ಕೂಡ ಆ ಮಾತು ಪೂರ್ತಿ ಮುಗಿದ ಮೇಲೆ ಬರುತ್ತದೆ. ಬೋಧಕರು ಅರ್ಧ ನಿಮಿಷ ಒಂದು ವಾದವನ್ನು ಬೆಳೆಸಿ, ಒಂದು ಕ್ಷಣ ಮೌನವಾಗಿದ್ದು, ನಂತರ ‘ಅಂತ ಹಿರಿಯ ಮಗ ಅಂದುಕೊಂಡ’ ಎನ್ನುತ್ತಾರೆ. ನೀವು ಆ ಮೌನದಲ್ಲಿ ಕತ್ತರಿಸಿದರೆ ಉಳಿಯುವುದು ಬೋಧಕರ ಬಾಯಿಯಲ್ಲಿ ಹಿರಿಯ ಮಗನ ತೀರ್ಪು. ಒಂದು ಪದವನ್ನೂ ನೀವು ಬದಲಿಸಿರುವುದಿಲ್ಲ, ಆದರೂ ಮಾತಿನ ಒಡೆಯ ಬದಲಾಗಿರುತ್ತಾನೆ.

ಈ ಕಾರಣಕ್ಕೆ, ಮೌನ ಇರುವ ಜಾಗಗಳನ್ನು ತಂತ್ರಾಂಶವೇ ಹುಡುಕಿಕೊಡುತ್ತದೆ, ಅಲ್ಲಲ್ಲಿ ಕತ್ತರಿಸಿದರೆ ಸಾಕು ಎಂದು ಮೇಲೆ ಒಬ್ಬರು ಕೊಟ್ಟ ಸಲಹೆಯನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಕತ್ತರಿ ಮೌನದ ಮೇಲೆಯೇ ಬೀಳಬೇಕು, ಇಲ್ಲದಿದ್ದರೆ ಉಸಿರು ತುಂಡಾಗಿ ಕೇಳಿಸುತ್ತದೆ. ಆದರೆ ಯಾವ ಮೌನ ಎಂಬುದನ್ನು ಅರ್ಥವೇ ನಿರ್ಧರಿಸಬೇಕು. ಬೋಧಕರ ಅತಿ ದೀರ್ಘ ಮೌನ ಹೆಚ್ಚಾಗಿ ವಿಷಯದ ಕೊನೆಯಲ್ಲಿ ಇರುವುದಿಲ್ಲ, ಮುಖ್ಯ ಮಾತಿಗೆ ಸ್ವಲ್ಪ ಮೊದಲು ಇರುತ್ತದೆ. ಒಂದು ವಿಷಯದಿಂದ ಇನ್ನೊಂದಕ್ಕೆ ದಾಟುವಾಗ ಕೆಲವರು ಉಸಿರನ್ನೂ ತೆಗೆದುಕೊಳ್ಳುವುದಿಲ್ಲ.

ಈಗ ನಾನು ಮಾಡುವ ಕ್ರಮವನ್ನು ಹೇಳುತ್ತೇನೆ. ವಿಡಿಯೋ ಸಂಕಲನದ ತಂತ್ರಾಂಶವನ್ನು ತೆರೆಯುವ ಮೊದಲು ಇಡೀ ಪ್ರವಚನವನ್ನು ಅಕ್ಷರಕ್ಕಿಳಿಸಿ, ಪ್ರತಿ ಪರಿಚ್ಛೇದದ ಪಕ್ಕದಲ್ಲಿ ನಿಮಿಷ ಮತ್ತು ಸೆಕೆಂಡು ಬರೆದುಕೊಳ್ಳುತ್ತೇನೆ. ಸಭೆಗಳ ನಡಾವಳಿ ಬರೆಯುವ ಕೆಲಸ ಮಾಡುತ್ತಿದ್ದ ಸದಸ್ಯೆಯೊಬ್ಬರು ಇದನ್ನು ಕಾಗದದ ಮೇಲೆ ಮುದ್ರಿಸಿಕೊಂಡೇ ಮಾಡಿ ಎಂದು ಇದೇ ಚರ್ಚೆಯಲ್ಲಿ ಬರೆದಿದ್ದಾರೆ, ಅವರ ಮಾತು ನೂರಕ್ಕೆ ನೂರು ಸರಿ. ಪರದೆಯ ಮೇಲೆ ಬೋಧಕರ ಮುಖಭಾವ ನಮ್ಮನ್ನು ಒಲಿಸಿಬಿಡುತ್ತದೆ, ಕಾಗದದಲ್ಲಿ ವಾದದ ಎಲುಬು ಮಾತ್ರ ಕಾಣುತ್ತದೆ.

ಆ ಬರಹದಲ್ಲಿ ಮೊದಲು ಹುಡುಕಬೇಕಾದದ್ದು ಆರಂಭವನ್ನಲ್ಲ, ಕೊನೆಯನ್ನು. ಬೋಧಕರು ಒಂದು ಮಾತನ್ನು ತಮ್ಮದೇ ಮಾತಾಗಿ ಹೇಳಿ ನಿಲ್ಲುವ ವಾಕ್ಯಗಳಿಗೆ ಗೆರೆ ಎಳೆಯಿರಿ. ನಂತರ ಅಲ್ಲಿಂದ ಹಿಂದಕ್ಕೆ ಓದುತ್ತಾ ಹೋಗಿ, ಪ್ರವಚನ ಕೇಳದ ಒಬ್ಬನಿಗೆ ಈ ವಾಕ್ಯ ಅರ್ಥವಾಗಲು ಹಿಂದಿನ ಯಾವ ಮಾತು ಬೇಕೇ ಬೇಕು ಎಂದು ಕೇಳಿಕೊಳ್ಳಿ. ‘ಅದಕ್ಕೇ’, ‘ಹಾಗಾದರೆ’, ‘ಅವನು’, ‘ಆಗಲೇ ಹೇಳಿದಂತೆ’, ‘ಈ ಎರಡನೆಯದು’ ಎಂಬಂಥ ಪದಗಳಿಗೆ ಸುತ್ತು ಹಾಕಿ. ಪ್ರತಿಯೊಂದೂ ಹಿಂದಿನ ಯಾವುದೋ ಮಾತಿಗೆ ಕಟ್ಟಿದ ದಾರ. ಆ ಮಾತು ತುಣುಕಿನ ಒಳಗೇ ಇದ್ದರೆ ಚಿಂತೆಯಿಲ್ಲ, ಹೊರಗಿದ್ದರೆ ಆರಂಭವನ್ನು ಇನ್ನೂ ಹಿಂದಕ್ಕೆ ಸರಿಸಬೇಕು. ಹೀಗೆ ಸರಿಸುತ್ತಾ ಹತ್ತು ನಿಮಿಷ ಹಿಂದೆ ಹೋಗಬೇಕಾಗಿ ಬಂದರೆ ಆ ಭಾಗ ತುಣುಕಾಗಲು ಒಲ್ಲದು ಎಂದು ತಿಳಿದು ಬಿಟ್ಟುಬಿಡಿ.

ಹಿರಿಯ ಮಗನ ಭಾಗವನ್ನು ಹೀಗೆಯೇ ಮತ್ತೆ ಮಾಡಿದೆ. ಮೊದಲ ಸಲ ನಾನು ತೆಗೆದುಕೊಂಡಿದ್ದು 17:40ರಿಂದ 18:30ರವರೆಗೆ. ಬೋಧಕರ ಸ್ವಂತ ಮಾತು ಬಂದು ನಿಂತದ್ದು 19:02ರಲ್ಲಿ. ಒಳಗೆ ಬರಲೊಲ್ಲದೆ ನಿಂತ ಮಗನಿಗಾಗಿಯೂ ತಂದೆ ಹೊರಗೆ ಬಂದು ಬೇಡಿಕೊಂಡ, ಆ ದಿನ ಅವನು ಇಬ್ಬರು ಮಕ್ಕಳಿಗಾಗಿಯೂ ಬಾಗಿಲು ದಾಟಿದ ಎಂಬ ಮಾತು ಅದು. ಅಲ್ಲಿಂದ ಹಿಂದಕ್ಕೆ ಹೋದಾಗ 17:05ರಲ್ಲಿ ‘ಹಿರಿಯ ಮಗ ಹೊಲದಿಂದ ಬರುತ್ತಿದ್ದಾನೆ, ಮನೆಯಲ್ಲಿ ವಾದ್ಯದ ಸದ್ದು’ ಎಂಬ ವಾಕ್ಯ ಸಿಕ್ಕಿತು. ಅಷ್ಟನ್ನು ಕೇಳಿದ ಯಾರಿಗೂ ಮುಂದಿನ ಕೋಪ ಯಾರದೆಂಬ ಅನುಮಾನ ಬರುವುದಿಲ್ಲ. ಒಟ್ಟು 1 ನಿಮಿಷ 57 ಸೆಕೆಂಡು ಆಯಿತು. ಒಂದೇ ನಿಮಿಷಕ್ಕೆ ಇಳಿಸಲೇಬೇಕೆಂಬ ಒತ್ತಡ ಈಗ ಇಲ್ಲ, ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2024ರ ಅಕ್ಟೋಬರ್ 15ರಿಂದ ಅಗಲಕ್ಕಿಂತ ಎತ್ತರ ಹೆಚ್ಚಿರುವ ಅಥವಾ ಚೌಕಾಕಾರದ ವಿಡಿಯೋ 3 ನಿಮಿಷದವರೆಗೆ ಇರಬಹುದು. ಆದ್ದರಿಂದ ಗಡಿಯಾರ ನೋಡಿ ಉತ್ತರವನ್ನು ಕತ್ತರಿಸಬೇಡಿ.

ಅದೇ ಪ್ರವಚನದಲ್ಲಿ ನನ್ನನ್ನು ಹೆಚ್ಚು ಕಾಡಿದ ಇನ್ನೊಂದು ಭಾಗವಿತ್ತು. ಕಿರಿಯ ಮಗ ಮನೆಗೆ ಹೊರಡುವ ಮೊದಲು ತಂದೆಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಾನೆ, ಅದರ ಕೊನೆಯಲ್ಲಿ ನನ್ನನ್ನು ಕೂಲಿಯಾಳಾಗಿ ಇಟ್ಟುಕೋ ಎಂಬ ಬೇಡಿಕೆ ಇದೆ. ತಂದೆಯ ಎದುರು ನಿಂತಾಗ ಅವನು ಆ ಬೇಡಿಕೆಯವರೆಗೆ ತಲುಪುವುದೇ ಇಲ್ಲ, ಅಷ್ಟರಲ್ಲಿ ತಂದೆ ನಿಲುವಂಗಿ ತರಲು ಹೇಳಿರುತ್ತಾನೆ. ಬೋಧಕರು ಮೊದಲನೆಯದನ್ನು 14ನೇ ನಿಮಿಷದಲ್ಲಿ ಓದಿ, ಎರಡನೆಯದನ್ನು 31ನೇ ನಿಮಿಷದಲ್ಲಿ ಹೇಳಿ, ‘ಆ ಕೊನೆಯ ಸಾಲು ಎಲ್ಲಿ ಹೋಯಿತು?’ ಎಂದು ಕೇಳಿದರು. ಸಭೆಯಲ್ಲಿ ಕುಳಿತವರಿಗೆ ಮೈ ಝುಮ್ಮೆಂದ ಗಳಿಗೆ ಅದು. ತುಣುಕಿನಲ್ಲಿ ಮಾತ್ರ ಯಾವ ಸಾಲು ಎಂಬುದೇ ತಿಳಿಯುತ್ತಿರಲಿಲ್ಲ. ಎರಡೂ ಕಡೆಯ ದೃಶ್ಯಗಳನ್ನು ಅಂಟಿಸುವ ಬದಲು, ಲೂಕ 15:19ರ ಆ ಸಾಲನ್ನು ಮಾತ್ರ ಕಪ್ಪು ಹಿನ್ನೆಲೆಯ ಮೇಲೆ 5 ಸೆಕೆಂಡು ತೋರಿಸಿ, ನಂತರ 31ನೇ ನಿಮಿಷದ ಮಾತನ್ನು ಆರಂಭಿಸಿದೆ. ನೋಡುವವರಿಗೆ ಅದು ನಾನು ಸೇರಿಸಿದ ಫಲಕ ಎಂದು ಸ್ಪಷ್ಟವಾಗಿ ಕಾಣಬೇಕು, ಬೋಧಕರ ದನಿ ಅದರ ಮೇಲೆ ಬರಬಾರದು.

ದೂರದ ಎರಡು ಭಾಗಗಳನ್ನು ಅಂಟಿಸಬಹುದೇ ಎಂಬ ಬಗ್ಗೆ ಇಲ್ಲಿ ನಡೆದ ಚರ್ಚೆಯನ್ನು ಓದಿದೆ. ಕೆಮ್ಮು, ತಡವರಿಕೆ, ಎರಡು ಸಲ ಹೇಳಿದ ಒಂದೇ ವಾಕ್ಯ, ನಡುವೆ ಬಂದ ಪ್ರಕಟಣೆ ಇವುಗಳನ್ನು ನಾನು ತೆಗೆಯುತ್ತೇನೆ. ಬೇರೆ ಬೇರೆ ಜಾಗದ ಮಾತುಗಳಿಂದ ಒಂದು ಹೊಸ ವಾದವನ್ನು ಕಟ್ಟುವುದಿಲ್ಲ. ಇವೆರಡರ ನಡುವೆ ಒಂದು ಕಷ್ಟದ ಜಾಗವಿದೆ. ಮುಖ್ಯ ಮಾತು ಮತ್ತು ತೀರ್ಮಾನದ ನಡುವೆ ಬೋಧಕರು ನಾಲ್ಕು ನಿಮಿಷದ ಒಂದು ದೃಷ್ಟಾಂತ ಹೇಳಿರುತ್ತಾರೆ, ಅದನ್ನು ತೆಗೆದರೂ ವಾಕ್ಯಗಳು ಚೆನ್ನಾಗಿ ಕೂಡಿಕೊಳ್ಳುತ್ತವೆ. ನಾನು ತೆಗೆಯಬಹುದು ಎನ್ನುತ್ತೇನೆ. ನಾನು ಯಾರ ಪ್ರವಚನಗಳನ್ನು ಕತ್ತರಿಸುತ್ತೇನೋ ಆ ಬೋಧಕರು, ದೃಷ್ಟಾಂತ ಕೇಳಿ ಮೆತ್ತಗಾದ ಮನಸ್ಸಿಗೆ ಮಾತ್ರ ಆ ತೀರ್ಮಾನವನ್ನು ಹೇಳಿದ್ದೆ, ಬರಿದಾಗಿ ಕೇಳಿದರೆ ಅದು ಗದರಿಕೆಯಾಗುತ್ತದೆ ಎನ್ನುತ್ತಾರೆ. ನಮ್ಮಿಬ್ಬರಲ್ಲಿ ಇದು ಇನ್ನೂ ಬಗೆಹರಿದಿಲ್ಲ, ಸದ್ಯಕ್ಕೆ ಅಂಥದ್ದನ್ನು ಅವರಿಗೆ ತೋರಿಸದೆ ಹಾಕುವುದಿಲ್ಲ.

ಭಕ್ತಿಗೀತೆಗಳ ಧ್ವನಿಮುದ್ರಣವನ್ನು ಚರಣ ಚರಣವಾಗಿ ಕತ್ತರಿಸುವ ಅಣ್ಣನವರು, ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯವಿಲ್ಲ ಎಂದಿದ್ದಾರೆ. ಹಾಡಿನಲ್ಲಿ ಅದು ನಿಜ. ಚರಣದ ಕೊನೆಯಲ್ಲಿ ಪಲ್ಲವಿ ಮರಳಿ ಬರುತ್ತದೆ, ಪ್ರತಿ ಚರಣವೂ ತನ್ನ ತೀರ್ಮಾನವನ್ನು ತಾನೇ ಹೊತ್ತಿರುತ್ತದೆ. ಪ್ರವಚನಕ್ಕೆ ಆ ಅನುಕೂಲವಿಲ್ಲ.

ಕತ್ತರಿಸುವ ಕೆಲಸಕ್ಕೆ ಯಾವ ತಂತ್ರಾಂಶವಾದರೂ ಆಗುತ್ತದೆ. ನಾನು ಬಳಸುವುದು ffmpeg ಎಂಬ ತಂತ್ರಾಂಶದ ಈ ಆಜ್ಞೆ:

```
ffmpeg -ss 00:17:05 -to 00:19:02 -i pravachana.mp4 -c:v libx264 -crf 18 -c:a aac -b:a 192k tunuku1.mp4
```

ಬೇಗ ಮುಗಿಯುತ್ತದೆಂದು ಕೆಲವರು `-c copy` ಬಳಸುತ್ತಾರೆ. ಅದು ನೀವು ಹೇಳಿದ ಸೆಕೆಂಡಿನಲ್ಲಿ ಕತ್ತರಿಸದೆ ಅದಕ್ಕಿಂತ ಹಿಂದಿನ ಕೀಫ್ರೇಮ್‌ನಿಂದ, ಎಂದರೆ ವಿಡಿಯೋದಲ್ಲಿ ಚಿತ್ರ ಪೂರ್ತಿಯಾಗಿ ದಾಖಲಾಗಿರುವ ಹಿಂದಿನ ಜಾಗದಿಂದ, ಎತ್ತಿಕೊಳ್ಳುತ್ತದೆ, ಹಿಂದಿನ ವಾಕ್ಯದ ಬಾಲ ಸೇರಿಕೊಳ್ಳುತ್ತದೆ. ಕೊನೆಯ ಪದದ ನಂತರ ಅರ್ಧ ಸೆಕೆಂಡಿನಷ್ಟು ಸಭಾಂಗಣದ ಸದ್ದನ್ನು ಉಳಿಸಿ. ಕೆಳಗೆ ಅಕ್ಷರ ಹಾಕುವುದಾದರೆ ಪ್ರತಿ ಸಾಲನ್ನೂ ಕಿವಿಯಿಂದ ಕೇಳಿ ತಿದ್ದಿ, ‘ಬಾರದು’ ಎಂಬುದು ‘ಬಹುದು’ ಆದರೆ ಇಷ್ಟೆಲ್ಲ ಮಾಡಿದ್ದೂ ನೀರುಪಾಲು. ತಲೆಬರಹದಲ್ಲಿ ಎದುರಾಳಿಯ ಪ್ರಶ್ನೆಯನ್ನು ಇಡಬೇಡಿ, ಬೋಧಕರ ಉತ್ತರವನ್ನು ಇಡಿ.

ಹಾಕುವ ಮೊದಲು, ಪ್ರವಚನ ಕೇಳಿರದ ಒಬ್ಬರಿಗೆ ತುಣುಕನ್ನು ಒಮ್ಮೆ ಮಾತ್ರ ತೋರಿಸಿ, ‘ಇವರು ಏನು ಹೇಳಿದರು?’ ಎಂದು ಕೇಳಿ. ‘ಹೇಗಿದೆ?’ ಎಂದು ಕೇಳಬೇಡಿ, ಅದಕ್ಕೆ ಚೆನ್ನಾಗಿದೆ ಎಂಬ ಉತ್ತರವೇ ಬರುತ್ತದೆ. ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡು ಬೋಧಕರಿಗೆ ಓದಿ ಹೇಳಿ. ನನ್ನ ಆ 52 ನಿಮಿಷದ ಪ್ರವಚನದಿಂದ ಎಂಟು ತುಣುಕು ಸಿಗಬಹುದೆಂದು ಲೆಕ್ಕ ಹಾಕಿದ್ದೆ, ಈ ಪರೀಕ್ಷೆ ದಾಟಿದ್ದು ನಾಲ್ಕು. ನೀವು ತೆಗೆದುಹಾಕಿದ ತುಣುಕಿನ ಮುಂದಿನ ಎರಡು ನಿಮಿಷದ ಮಾತನ್ನು ಅಕ್ಷರಕ್ಕಿಳಿಸಿ ಇಲ್ಲಿ ಹಾಕಿದರೆ, ಅದರ ಕೊನೆ ಎಲ್ಲಿದೆ ಎಂದು ಕೂಡಿ ಹುಡುಕೋಣ.