ಕರ್ತೃ ಎಲ್ಲೋ, ಕ್ರಿಯಾಪದ ಎಲ್ಲೋ: ‘ಇದೆ’ ಬರಬೇಕಾ, ‘ಇವೆ’ ಬರಬೇಕಾ?

ಪ್ರಶ್ನೆ: ನಾನು ಮಂಡ್ಯದ ಹತ್ತಿರದ ಹಳ್ಳಿಯವನು. ಊರಿನವರಿಗೆ ಅರ್ಜಿ ಬರೆದುಕೊಡುತ್ತೇನೆ. ವಾಕ್ಯ ಉದ್ದ ಆದಾಗ ಕೊನೆಯ ಕ್ರಿಯಾಪದದಲ್ಲಿ ಎಡವುತ್ತೇನೆ. ಮೊನ್ನೆ ಹೀಗೆ ಬರೆದೆ: ‘ವಿ.ಸಿ. ನಾಲೆಯ ಕೊನೆ ಭಾಗದ ಹಳ್ಳಿಗಳ ರೈತರು ಕಳೆದ ವಾರ ಕೊಟ್ಟ ಅರ್ಜಿ, ಅದಕ್ಕೆ ಸೇರಿಸಿದ ಪಹಣಿಗಳ ಜೊತೆಗೆ, ಇನ್ನೂ ಕಚೇರಿಯಲ್ಲೇ ಉಳಿದಿವೆ.’ ಓದಿದವರೊಬ್ಬರು ‘ಉಳಿದಿದೆ’ ಅಂತ ತಿದ್ದಿದರು. ಯಾವುದು ಸರಿ ಸರ್? ಪರೀಕ್ಷಿಸುವುದು ಹೇಗೆ?

ಉತ್ತರ: ತಿದ್ದಿದವರು ಸರಿ. ಅಲ್ಲಿ ‘ಉಳಿದಿದೆ’ ಬರಬೇಕು.

ಕಚೇರಿಯಲ್ಲಿ ಉಳಿದಿರುವುದು ಏನು ಅಂತ ಕೇಳಿಕೊಳ್ಳಿ. ಅರ್ಜಿ. ಅದು ಒಂದೇ. ಆದರೆ ಅರ್ಜಿಗೂ ಕ್ರಿಯಾಪದಕ್ಕೂ ನಡುವೆ ‘ಪಹಣಿಗಳು’ ಬಂದು ಕೂತಿವೆ. ಕೈ ಕೊನೆಗೆ ಬರುವಷ್ಟರಲ್ಲಿ ಕಿವಿಯಲ್ಲಿ ಉಳಿದಿರುವುದು ಆ ಬಹುವಚನವೇ. ಕನ್ನಡದಲ್ಲಿ ಸಾಮಾನ್ಯವಾಗಿ ಕ್ರಿಯಾಪದ ವಾಕ್ಯದ ತುದಿಯಲ್ಲಿರುತ್ತದೆ. ಹಾಗಾಗಿ ನಡುವೆ ಸೇರಿಸಿದ್ದೆಲ್ಲ ಕರ್ತೃವನ್ನು ಅದರಿಂದ ದೂರ ತಳ್ಳುತ್ತದೆ.

ನಾನು ಪ್ರಶ್ನೆಯನ್ನು ‘ಉಳಿದಿರುವುದು ಏನು?’ ಅಂತ ಕೇಳಿದ್ದಕ್ಕೆ ಕಾರಣ ಇದೆ. ‘ಏನು ಉಳಿದಿವೆ?’ ಅಂತ ಕೇಳಿದರೆ ಪ್ರಶ್ನೆಯಲ್ಲೇ ಬಹುವಚನ ಸೇರಿಕೊಂಡಿರುತ್ತದೆ, ಉತ್ತರವೂ ಆ ಕಡೆಗೇ ವಾಲುತ್ತದೆ. ‘ಉಳಿದಿರುವುದು’, ‘ಬಂದದ್ದು’ ಅನ್ನುವ ರೂಪ ಯಾರ ಪರವೂ ಅಲ್ಲ. ಬಂದದ್ದು ಅವಳು, ಬಂದದ್ದು ರೈತರು, ಬಂದದ್ದು ದನಗಳು. ಎಲ್ಲಕ್ಕೂ ಹೊಂದುತ್ತದೆ, ಅಲ್ವಾ?

ಇನ್ನೂ ಅನುಮಾನ ಇದ್ದರೆ ಪದಗಳ ಬಾಲ ನೋಡಿ. ಇಂಥ ವಾಕ್ಯದಲ್ಲಿ ಕರ್ತೃವಿಗೆ ವಿಭಕ್ತಿಯ ಬಾಲ ಇರುವುದಿಲ್ಲ. ನಿಮ್ಮ ವಾಕ್ಯದ ಮೇಲೆ ಪೆನ್ಸಿಲ್ ಆಡಿಸೋಣ. ನಾಲೆಯ, ಭಾಗದ, ಹಳ್ಳಿಗಳ: ಹೊಡೆದು ಹಾಕಿ. ಅದಕ್ಕೆ, ಪಹಣಿಗಳ ಜೊತೆಗೆ, ಕಚೇರಿಯಲ್ಲೇ: ಇವೂ ಹೋದವು. ‘ಕಳೆದ ವಾರ’ ಬರೀ ಕಾಲ ಹೇಳುತ್ತದೆ. ಉಳಿದದ್ದು ಎರಡೇ: ರೈತರು, ಅರ್ಜಿ. ಇವುಗಳಲ್ಲಿ ರೈತರಿಗೆ ಆಗಲೇ ಅವರದೇ ಕ್ರಿಯೆ ಸಿಕ್ಕಿದೆ: ‘ಕೊಟ್ಟ’. ರೈತರು ಕೊಟ್ಟ ಅರ್ಜಿ. ‘ಕೊಟ್ಟ’, ‘ತಂದ’, ‘ಮಾಡಿದ’, ‘ಬರುವ’ ಇಂಥ ಪದ ಕಂಡರೆ ಆ ಕೆಲಸ ಮಾಡಿದ ಕರ್ತೃ ಅಲ್ಲಿಗೇ ಮುಗಿಯಿತು, ವಾಕ್ಯದ ಕೊನೆಯವರೆಗೆ ಬರುವುದಿಲ್ಲ. ಹಾಗಾದರೆ ‘ಉಳಿದಿದೆ’ಗೆ ಸಿಗುವುದು ಅರ್ಜಿ ಮಾತ್ರ.

‘ಜೊತೆಗೆ’, ‘ಸಮೇತ’, ‘ಒಂದಿಗೆ’ ಬಂದರೆ ಲೆಕ್ಕ ಬದಲಾಗುವುದಿಲ್ಲ. ‘ಮತ್ತು’ ಅಥವಾ ‘ಊ’ ಬಂದರೆ ಬದಲಾಗುತ್ತದೆ. ‘ಅರ್ಜಿಯೂ ಪಹಣಿಗಳೂ ಕಚೇರಿಯಲ್ಲೇ ಉಳಿದಿವೆ’ ಅಂತ ಬರೆದಿದ್ದರೆ ನಿಮ್ಮ ‘ಇವೆ’ ಸರಿಯಾಗಿಯೇ ಇರುತ್ತಿತ್ತು.

ಬಾಲ ನೋಡುವಾಗ ಒಂದು ಕಡೆ ಮೋಸ ಹೋಗಬಹುದು. ‘ಊರಿನ ಯುವಕರು ನಾಲೆಯಲ್ಲಿ ಕಟ್ಟಿಕೊಂಡಿದ್ದ ಹೂಳು ತೆಗೆದರು.’ ಇಲ್ಲಿ ‘ಹೂಳು’ ಪದಕ್ಕೂ ಬಾಲ ಇಲ್ಲ. ಜೀವ ಇಲ್ಲದ ವಸ್ತುಗಳಿಗೆ ‘ಅನ್ನು’ ಬಿಟ್ಟೇ ಮಾತಾಡುವುದು ನಮಗೆ ರೂಢಿ. ‘ಹೂಳನ್ನು ತೆಗೆದರು’ ಅಂತ ಸೇರಿಸಿ ನೋಡಿ. ಒಪ್ಪುತ್ತದೆ ಅಂದರೆ ಅದು ಕರ್ಮ, ಕರ್ತೃ ಅಲ್ಲ.

ಅರ್ಜಿ ಬರೆಯುವವರು ಜಾಸ್ತಿ ತಪ್ಪುವುದು ‘ಲಾಗಿದೆ’ಯಲ್ಲಿ. ‘ನಾಲೆಯ ಎಡದಂಡೆಯಲ್ಲಿ ಒಡೆದಿದ್ದ ಮೂರು ತೂಬುಗಳನ್ನು ದುರಸ್ತಿ ಮಾಡಲಾಗಿವೆ’ ಅಂತ ಎಷ್ಟೋ ಕಡೆ ನೋಡಿದ್ದೇನೆ. ತೂಬುಗಳಿಗೆ ‘ಅನ್ನು’ ಇದೆ. ಅಂದಮೇಲೆ ಅವು ಕರ್ತೃ ಅಲ್ಲ. ಮಾಡಿದವರು ವಾಕ್ಯದಲ್ಲೇ ಇಲ್ಲ. ಹೊಂದಿಕೊಳ್ಳಲು ಯಾರೂ ಇಲ್ಲದ್ದರಿಂದ ಕ್ರಿಯಾಪದ ‘ಮಾಡಲಾಗಿದೆ’ ಅಂತಲೇ ಇರುತ್ತದೆ. ತೂಬು ಮೂರಿರಲಿ, ಮುನ್ನೂರಿರಲಿ.

ಸಂಘದ ಹೆಸರಲ್ಲಿ ಬರೆಯುವಾಗಲೂ ನೋಡಿಕೊಳ್ಳಿ. ‘ಕಬ್ಬು ಬೆಳೆಗಾರರ ಸಂಘ ಬಾಕಿ ಹಣ ಕೊಡಿಸಬೇಕೆಂದು ಒತ್ತಾಯಿಸಿದ್ದಾರೆ’ ಅನ್ನಬೇಡಿ. ಸಂಘ ಒತ್ತಾಯಿಸಿದೆ. ‘ಒತ್ತಾಯಿಸಿದ್ದಾರೆ’ ಬೇಕೆಂದರೆ ‘ಸಂಘದವರು’ ಅಂತ ಶುರುಮಾಡಿ.

ಒಂದು ಮಾತು ಕಿವಿಯ ಬಗ್ಗೆ. ಮಾತಾಡುವಾಗ ನಾವೆಲ್ಲ ‘ಪುಸ್ತಕಗಳು ಇಲ್ಲೇ ಇದೆ’ ಅಂತೀವಿ. ಮಾತಿನಲ್ಲಿ ಅದು ತಪ್ಪಲ್ಲ. ಅದಕ್ಕೇ ಬರೆದದ್ದನ್ನು ಸುಮ್ನೆ ಗಟ್ಟಿಯಾಗಿ ಓದಿ ಕಿವಿಗೆ ಬಿಟ್ಟರೆ ಈ ತಪ್ಪು ಸಿಗುವುದಿಲ್ಲ. ಪೆನ್ಸಿಲ್ ಬೇಕು.

ನಿಮ್ಮ ಅರ್ಜಿಯನ್ನು ನಾನಾದರೆ ಎರಡು ಮಾಡುತ್ತಿದ್ದೆ: ‘ವಿ.ಸಿ. ನಾಲೆಯ ಕೊನೆ ಭಾಗದ ಹಳ್ಳಿಗಳ ರೈತರು ಕಳೆದ ವಾರ ಅರ್ಜಿ ಕೊಟ್ಟಿದ್ದಾರೆ, ಪಹಣಿಗಳನ್ನೂ ಸೇರಿಸಿದ್ದಾರೆ. ಆ ಅರ್ಜಿ ಇನ್ನೂ ಕಚೇರಿಯಲ್ಲೇ ಉಳಿದಿದೆ.’