ಸ್ಪ್ರಿಂಗ್‌ಗೆ ಕಟ್ಟಿದ ಗುಂಡುಗಳಿಂದ ತರಂಗ ಸಮೀಕರಣದವರೆಗೆ

ಪ್ರಶ್ನೆ: ಎರಡು ಗುಂಡು, ಮೂರು ಸ್ಪ್ರಿಂಗ್ ಇರುವ ಲೆಕ್ಕದಲ್ಲಿ ನಾರ್ಮಲ್ ಮೋಡ್ ಕಂಡುಹಿಡಿಯುವುದು ನನಗೆ ಬರುತ್ತದೆ. ಆದರೆ ಮುಂದಿನ ಅಧ್ಯಾಯದಲ್ಲಿ ಇದ್ದಕ್ಕಿದ್ದಂತೆ ತರಂಗ ಸಮೀಕರಣ ಬಂದುಬಿಡುತ್ತದೆ. ಇವೆರಡರ ನಡುವಿನ ಕೊಂಡಿ ಯಾವುದು?

ಉತ್ತರ:

ಆ ಕೊಂಡಿ ನಿಮ್ಮ ಎರಡು ಗುಂಡುಗಳ ಲೆಕ್ಕದೊಳಗೇ ಇದೆ. ಡಿಟರ್ಮಿನೆಂಟ್ ಬರೆದು, ಅದನ್ನು ಸೊನ್ನೆಗೆ ಸಮ ಮಾಡಿ ಬಿಡಿಸುವ ವಿಧಾನ ಉತ್ತರವನ್ನೇನೋ ಕೊಡುತ್ತದೆ, ಆದರೆ ಉತ್ತರದ ಆಕಾರವನ್ನು ಕಣ್ಣಿಗೆ ಬೀಳದಂತೆ ಮಾಡುತ್ತದೆ. ಮೂರು ಗುಂಡುಗಳಿಗೆ ಅದೇ ವಿಧಾನ ಬೇಸರ ತರಿಸುತ್ತದೆ, ಹತ್ತು ಗುಂಡುಗಳಿಗೆ ಕೈಯಲ್ಲಿ ಮಾಡಲಾಗದು. ಆದ್ದರಿಂದ ಅದನ್ನು ಬದಿಗಿಟ್ಟು ಬೇರೆ ದಾರಿ ಹಿಡಿಯೋಣ.

ಎರಡು ಗೋಡೆಗಳ ನಡುವೆ ಸಾಲಾಗಿ N ಗುಂಡುಗಳಿವೆ, ಪ್ರತಿಯೊಂದರ ದ್ರವ್ಯರಾಶಿ m, ಅವುಗಳನ್ನು ಜೋಡಿಸುವ N+1 ಸ್ಪ್ರಿಂಗ್‌ಗಳ ನಿಯತಾಂಕ K ಎಂದುಕೊಳ್ಳಿ. n-ನೆಯ ಗುಂಡು ತನ್ನ ಸಮತೋಲನ ಸ್ಥಾನದಿಂದ ಸರಿದ ದೂರ x_n ಆದರೆ, ಅದರ ಮೇಲಿನ ಬಲವನ್ನು ನಿರ್ಧರಿಸುವವು ಅಕ್ಕಪಕ್ಕದ ಎರಡು ಸ್ಪ್ರಿಂಗ್‌ಗಳು ಮಾತ್ರ:

```
m x_n'' = K (x_(n+1) - 2 x_n + x_(n-1)),   x_0 = x_(N+1) = 0
```

ಈ ಸಮೀಕರಣ ಎಲ್ಲ ಗುಂಡುಗಳಿಗೂ ಒಂದೇ ರೂಪದಲ್ಲಿದೆ ಎಂಬುದೇ ಮುಖ್ಯ. ನೆರೆಯ ಎರಡು ಬೆಲೆಗಳನ್ನು ಕೂಡಿದಾಗ ನಡುವಿನ ಬೆಲೆಯ ಒಂದು ನಿಶ್ಚಿತ ಗುಣಕವೇ ಸಿಗುವಂತಹ ಆಕಾರ ನಮಗೆ ಬೇಕು. ಸೈನ್‌ಗೆ ಆ ಗುಣವಿದೆ ಎಂದು ಪಿಯುಸಿಯ ತ್ರಿಕೋನಮಿತಿಯೇ ಹೇಳುತ್ತದೆ: sin((n+1)θ) + sin((n−1)θ) = 2 cosθ · sin(nθ). ಹಾಗಾಗಿ x_n = A sin(nθ) cos(ωt) ಎಂದು ಹಾಕಿದರೆ n ಎಲ್ಲ ಕಡೆಯೂ ಹೊಡೆದುಹೋಗಿ ω² = (4K/m) sin²(θ/2) ಉಳಿಯುತ್ತದೆ. ಬಲಗಡೆಯ ಗೋಡೆ ಅಲುಗಾಡದೆ ನಿಲ್ಲಬೇಕೆಂಬ ಷರತ್ತು θ = kπ/(N+1) ಎಂದು ಕಟ್ಟುಹಾಕುತ್ತದೆ; ಇಲ್ಲಿ k = 1, 2, … N. k ಅನ್ನು N+1 ಮಾಡಿದರೆ ಎಲ್ಲ ಗುಂಡುಗಳೂ ಸೊನ್ನೆಯಲ್ಲೇ ನಿಲ್ಲುತ್ತವೆ, N+2 ಮಾಡಿದರೆ k = N ಆಕಾರವೇ ಚಿಹ್ನೆ ಬದಲಿಸಿಕೊಂಡು ಮರಳಿ ಬರುತ್ತದೆ. N ಗುಂಡುಗಳಿಗೆ N ಮೋಡ್‌ಗಳು ಮಾತ್ರ ಇರುವುದು ಹೀಗೆ.

ಈಗ ನಿಮ್ಮ ಲೆಕ್ಕವನ್ನು ಮತ್ತೊಮ್ಮೆ ನೋಡಿ. N = 2, k = 1 ಎಂದರೆ ಗುಂಡುಗಳ ಸ್ಥಾನಗಳು sin 60° ಮತ್ತು sin 120°, ಎರಡೂ 0.866. ಅದೇ ನಿಮ್ಮ (1, 1) ಮೋಡ್. k = 2 ಎಂದರೆ sin 120° ಮತ್ತು sin 240°, ಅಂದರೆ (1, −1). ನೀವು ‘ಜೊತೆಯಾಗಿ ಚಲಿಸುವ’ ಮತ್ತು ‘ಎದುರುಬದುರಾಗಿ ಚಲಿಸುವ’ ಮೋಡ್‌ಗಳು ಎಂದು ಕಲಿತದ್ದು, ಒಂದು ಮತ್ತು ಎರಡು ಅರ್ಧತರಂಗಗಳ ಸ್ಥಾಯೀ ತರಂಗಗಳನ್ನು ಎರಡೇ ಬಿಂದುಗಳಲ್ಲಿ ಅಳೆದು ನೋಡಿದ್ದು, ಅಷ್ಟೆ. ಆಕಾರದಲ್ಲಿ ಅಂದಾಜು ಎಂಬುದೇ ಇಲ್ಲ. ಗುಂಡುಗಳು ಎರಡಿರಲಿ ಸಾವಿರವಿರಲಿ, ಅವು ಕರಾರುವಾಕ್ಕಾಗಿ ಸೈನ್ ರೇಖೆಯ ಮೇಲೆಯೇ ಇರುತ್ತವೆ. ನಿರಂತರ ಮಾಧ್ಯಮಕ್ಕಿಂತ ಬೇರೆಯಾಗಿರುವುದು ಆವೃತ್ತಿ ಮಾತ್ರ.

ಎಷ್ಟು ಬೇರೆ ಎಂಬುದಕ್ಕೆ ಒಂದು ಲೆಕ್ಕ ಮಾಡೋಣ. 2 ಮೀಟರ್‌ಗೆ ಎಳೆದು ಎರಡೂ ತುದಿಗಳನ್ನು ಬಿಗಿದ, 0.25 ಕೆ.ಜಿ. ತೂಕದ, ಒಟ್ಟು ನಿಯತಾಂಕ 1 N/m ಇರುವ ಒಂದು ಮೆತ್ತನೆಯ ಉದ್ದ ಸ್ಪ್ರಿಂಗ್ ಇದೆ ಎನ್ನಿ. ಇದನ್ನು N+1 ಸಮಭಾಗ ಮಾಡಿ, ಒಳಗಿನ ಪ್ರತಿ ಸಂಧಿಯಲ್ಲೂ ಒಂದೊಂದು ಭಾಗದ ತೂಕವನ್ನು ಗುಂಡಾಗಿ ಇಡೋಣ. ಎರಡು ತುದಿಗಳ ಅರ್ಧರ್ಧ ಭಾಗದ ತೂಕ ಗೋಡೆಗೆ ಹೋಗುತ್ತದೆ.

ವಿದ್ಯಾರ್ಥಿಗಳು ಎಡವುವುದು ಇಲ್ಲಿ. ಗುಂಡುಗಳನ್ನು ಹೆಚ್ಚಿಸುತ್ತಾ ಹೋಗುವಾಗ m ಕಡಿಮೆಯಾಗಬೇಕೆಂಬುದು ಎಲ್ಲರಿಗೂ ಹೊಳೆಯುತ್ತದೆ, K ಹೆಚ್ಚಬೇಕೆಂಬುದು ಹೊಳೆಯುವುದಿಲ್ಲ. ಸ್ಪ್ರಿಂಗ್ ಅನ್ನು ಅರ್ಧಕ್ಕೆ ಕತ್ತರಿಸಿದರೆ ಪ್ರತಿ ಅರ್ಧವೂ ಇಮ್ಮಡಿ ಬಿಗಿಯಾಗಿರುತ್ತದೆ; ಹಾಗಾಗಿ ಇಲ್ಲಿ K = (N+1) × 1 N/m. ಇದನ್ನು ಮರೆತು K ಅನ್ನು ಹಾಗೆಯೇ ಬಿಟ್ಟರೆ, N ದೊಡ್ಡದಾದಂತೆ ಅಲೆಯ ವೇಗ ಸೊನ್ನೆಯತ್ತ ಇಳಿಯುತ್ತದೆ. ಹಾಗೆ ಬಂದರೆ ಲೆಕ್ಕ ಎಲ್ಲಿ ತಪ್ಪಿತೆಂದು ಹುಡುಕಬೇಕಾಗಿಲ್ಲ.

ಸರಿಯಾಗಿ ಹಾಕಿದರೆ √(K/m) = 2(N+1) ರೇಡಿಯನ್/ಸೆಕೆಂಡ್, ಆವೃತ್ತಿಗಳು ಹೀಗೆ:

```
f_k = (2(N+1)/π) · sin( kπ / (2(N+1)) )   Hz
```

ಮೊದಲ ಮೋಡ್ ಒಂದೇ ಗುಂಡಿಗೆ 0.900 Hz, ಎರಡಕ್ಕೆ 0.955, ಮೂರಕ್ಕೆ 0.974, ಒಂಬತ್ತಕ್ಕೆ 0.996. ಅದು 1 Hz ಕಡೆಗೆ ಎಷ್ಟು ಬೇಗ ಓಡುತ್ತಿದೆ ನೋಡಿ! ಆದರೆ ಅದೇ ಒಂಬತ್ತು ಗುಂಡುಗಳಲ್ಲಿ ಐದನೆಯ ಮೋಡ್ ನಿರಂತರ ಮಾಧ್ಯಮದ 5ರ ಬದಲು 4.50 Hz, ಒಂಬತ್ತನೆಯದು 9ರ ಬದಲು ಬರೀ 6.29 Hz. ಅಂದರೆ ‘N ದೊಡ್ಡದು’ ಎಂದರೆ ಸಾಲದು, k ಗಿಂತ N ಬಹಳ ದೊಡ್ಡದಿರಬೇಕು. ಗುಂಡುಗಳ ನಡುವಿನ ಅಂತರ a ಗಿಂತ ತರಂಗದೂರ ಎಷ್ಟೋ ಪಟ್ಟು ಉದ್ದವಿದ್ದಾಗ ಮಾತ್ರ ಗುಂಡುಗಳ ಸಾಲು ನಿರಂತರ ಮಾಧ್ಯಮದಂತೆ ವರ್ತಿಸುತ್ತದೆ.

ಈ ಷರತ್ತನ್ನೇ ಚಲನೆಯ ಸಮೀಕರಣದಲ್ಲಿ ಬಳಸಿದರೆ ತರಂಗ ಸಮೀಕರಣ ತಾನಾಗಿ ಬರುತ್ತದೆ. ಸಾಲಿನುದ್ದಕ್ಕೂ ಅಳೆದ ಸ್ಥಾನವನ್ನು x ಎಂದು ಕರೆದು, x = na ಇರುವಲ್ಲಿ x_n(t) = u(x, t) ಎಂದು ಬರೆದು ಟೇಲರ್ ಶ್ರೇಣಿಯಲ್ಲಿ ಹರಡಿದರೆ, x_(n+1) − 2x_n + x_(n−1) ಎಂಬುದು a² ∂²u/∂x² ಆಗುತ್ತದೆ; ಅದರ ಮುಂದಿನ ಪದ (a⁴/12) ∂⁴u/∂x⁴, ತರಂಗದೂರ ಉದ್ದವಿದ್ದಾಗ ಅದು ನಗಣ್ಯ. ಉಳಿಯುವುದು ∂²u/∂t² = v² ∂²u/∂x², ಇಲ್ಲಿ v = a√(K/m). ನಮ್ಮ ಸ್ಪ್ರಿಂಗ್‌ನಲ್ಲಿ a = 2/(N+1) ಮೀಟರ್ ಆದ್ದರಿಂದ N ಸಂಪೂರ್ಣ ರದ್ದಾಗಿ v = 4 ಮೀ/ಸೆ. ಬರುತ್ತದೆ. ಗುಂಡುಗಳ ಸಾಲಿನಿಂದ ಹೊರಟು ಈ ಮಿತಿಗೆ ಹೋಗುವ ಲೆಕ್ಕವನ್ನು ಲಗ್ರಾಂಜ್ 1759ರಲ್ಲೇ ತಂತಿಯ ಕಂಪನಕ್ಕಾಗಿ ಮಾಡಿದ್ದ. ದಾಲಂಬೇರ್ ಅದಕ್ಕೆ ಹನ್ನೆರಡು ವರ್ಷ ಮೊದಲು, 1747ರಲ್ಲಿ, ತರಂಗ ಸಮೀಕರಣವನ್ನು ಬರೆದಾಗಿತ್ತು.

ಸ್ಥಾಯೀ ಮೋಡ್‌ಗಳಿಂದ ಚಲಿಸುವ ಅಲೆ ಹೇಗೆ ಬಂತು ಎಂಬುದು ನಿಮ್ಮ ಮುಂದಿನ ಪ್ರಶ್ನೆಯಾಗಬಹುದು. ಸ್ಪ್ರಿಂಗ್‌ನ ಒಂದು ತುದಿಯ ಬಳಿ ತಟ್ಟಿದರೆ ಹಲವು ಮೋಡ್‌ಗಳು ಒಟ್ಟಿಗೆ ಎಚ್ಚರಗೊಳ್ಳುತ್ತವೆ, ಅವುಗಳ ಮೊತ್ತವೇ ಮುಂದೆ ಸಾಗುವ ತುಡಿತವಾಗಿ ಕಾಣುತ್ತದೆ. ನಿರಂತರ ಸ್ಪ್ರಿಂಗ್‌ನಲ್ಲಿ ಆವೃತ್ತಿಗಳು ಸರಿಯಾಗಿ 1, 2, 3, … Hz ಆದ್ದರಿಂದ, ಒಂದು ಸೆಕೆಂಡ್ ಕಳೆದಾಗ ಪ್ರತಿ ಮೋಡ್ ಕೂಡ ಪೂರ್ಣ ಸಂಖ್ಯೆಯ ಸುತ್ತು ಮುಗಿಸಿರುತ್ತದೆ, ತುಡಿತ ಹೋಗಿ ಬಡಿದು ಮರಳಿ ಮೊದಲಿನ ಆಕಾರದಲ್ಲೇ ನಿಲ್ಲುತ್ತದೆ. 4 ಮೀ/ಸೆ. ವೇಗದಲ್ಲಿ 4 ಮೀಟರ್ ಹೋಗಿಬರಲು ಹಿಡಿಯುವ ಸಮಯವೂ ಅಷ್ಟೇ. ಒಂಬತ್ತು ಗುಂಡುಗಳ ಸಾಲಿನಲ್ಲಿ ಹೀಗಾಗದು: ಮೇಲಿನ ಮೋಡ್‌ಗಳು ಹಿಂದೆ ಬೀಳುವುದರಿಂದ ತುಡಿತದ ಬೆನ್ನಿಗೆ ಸಣ್ಣ ನಿರಿಗೆಗಳ ಬಾಲ ಬೆಳೆಯುತ್ತದೆ. ಕಂಪ್ಯೂಟರಿನಲ್ಲಿ ಅಲೆಯನ್ನು ಅನುಕರಿಸುವಾಗ ಇಂತಹ ಬಾಲ ಕಂಡರೆ ಭೌತಿಕ ಕಾರಣ ಹುಡುಕುವ ಮೊದಲು a ಅನ್ನು ಅರ್ಧಕ್ಕಿಳಿಸಿ ನೋಡಿ. ಬಾಲ ಕುಗ್ಗಿದರೆ ಅದು ಲೆಕ್ಕಕ್ಕೆ ಬಳಸಿದ ಬಿಂದುಗಳ ಜಾಲದ ದೋಷ.

ಹಾಗೆಂದು ಈ ವ್ಯತ್ಯಾಸ ಯಾವಾಗಲೂ ದೋಷವೇ ಎನ್ನಲಾಗದು. ಸೂತ್ರದ ಸೈನ್ 1ನ್ನು ಮೀರದು. ಆದ್ದರಿಂದ ನಮ್ಮ ಒಂಬತ್ತು ಗುಂಡುಗಳ ಸಾಲನ್ನು 6.37 Hz ಗಿಂತ ವೇಗವಾಗಿ ಒಂದು ತುದಿಯಿಂದ ಅಲುಗಾಡಿಸಿದರೆ ಅಲೆ ಮುಂದೆ ಹೋಗುವುದಿಲ್ಲ: ಪಕ್ಕಪಕ್ಕದ ಗುಂಡುಗಳು ವಿರುದ್ಧ ದಿಕ್ಕಿನಲ್ಲಿ ಅಲುಗುತ್ತಾ, ಗುಂಡಿನಿಂದ ಗುಂಡಿಗೆ ಪಾರ ಒಂದೇ ಅನುಪಾತದಲ್ಲಿ ಕುಗ್ಗುತ್ತದೆ. ಹರಳುಗಳಲ್ಲಿ ಗುಂಡುಗಳ ಜಾಗದಲ್ಲಿ ನಿಜವಾದ ಪರಮಾಣುಗಳಿವೆ. ಅವುಗಳ ಅಂತರ ಸುಮಾರು 3×10⁻¹⁰ ಮೀಟರ್, ಶಬ್ದದ ವೇಗ ಸುಮಾರು 5000 ಮೀ/ಸೆ. ಎಂದು ಹಿಡಿದರೆ ಇದೇ ಮಿತಿ v/(πa) ಸೂತ್ರದಿಂದ ಸುಮಾರು 5×10¹² Hz ಬರುತ್ತದೆ. ನಮ್ಮ ಕಿವಿಗೆ ಕೇಳುವ 20,000 Hz ಶಬ್ದಕ್ಕೆ ಅಂತಹ ಹರಳಿನಲ್ಲಿ ತರಂಗದೂರ 25 ಸೆಂ.ಮೀ.; ಅಷ್ಟು ಉದ್ದದಲ್ಲಿ ಪರಮಾಣುಗಳು ಸಾಲಾಗಿ ಸುಮಾರು 80 ಕೋಟಿ ಇರುವುದರಿಂದ, ಅಲ್ಲಿ ತರಂಗ ಸಮೀಕರಣದ ತಪ್ಪನ್ನು ಯಾವ ಉಪಕರಣವೂ ಹಿಡಿಯಲಾರದು.